ಮುಖಕ್ಕೆ ಒಪ್ಪುವ ಟೋಪಿ: ಚಿಕ್ಕಮಗಳೂರು, ಹಾಸನದ ಬಿಸಿಲು, ಗಾಳಿ, ಮಳೆಗೆ ಅಳತೆ ಹಿಡಿದು ಆರಿಸುವ ಬಗೆ

ಅಂಗಡಿಯ ಕನ್ನಡಿಯಲ್ಲಿ ಚೆನ್ನಾಗಿ ಕಂಡ ಟೋಪಿ ಮುಳ್ಳಯ್ಯನಗಿರಿಯ ಫೋಟೊದಲ್ಲಿ ಮುಖವನ್ನು ಅಗಲ ಮಾಡಿಬಿಡುತ್ತದೆ. ಇಲ್ಲವೇ ಉದ್ದ ಮುಖ ಇನ್ನಷ್ಟು ಉದ್ದವಾಗಿ ಕಾಣುತ್ತದೆ. ಬಣ್ಣ, ಬಟ್ಟೆಯ ಮೇಲೆ ತಪ್ಪು ಹೊರಿಸುವವರೇ ಹೆಚ್ಚು. ಸಾಮಾನ್ಯವಾಗಿ ತಪ್ಪಿರುವುದು ಟೋಪಿ ಹಣೆಯ ಮೇಲೆ ಎಲ್ಲಿ ಕೂತಿದೆ ಮತ್ತು ಅದರ ಮೇಲ್ಭಾಗ ಎಷ್ಟು ಎತ್ತರವಿದೆ ಎಂಬ ಎರಡು ಅಳತೆಗಳಲ್ಲಿ. ಇವೆರಡನ್ನು ಸೆಂಟಿಮೀಟರಿನಲ್ಲಿ ಹಿಡಿಯಬಹುದು. ಟೈಲರ್ ಟೇಪು, ಒಂದು ಸ್ಕೇಲು, ಹಳೆಯ ರಟ್ಟಿನ ಡಬ್ಬ ಇದ್ದರೆ ಮನೆಯಲ್ಲೇ ಅರ್ಧ ಗಂಟೆಯ ಕೆಲಸ.

ಮೊದಲು ಹೆಸರುಗಳು. ತಲೆಯನ್ನು ಮುಚ್ಚುವ ಭಾಗವನ್ನು ಕ್ರೌನ್ ಎನ್ನುತ್ತಾರೆ, ಆನ್‌ಲೈನ್ ಅಂಗಡಿಗಳ ವಿವರದಲ್ಲೂ ಇದೇ ಹೆಸರಿರುತ್ತದೆ. ಸುತ್ತ ಹೊರಚಾಚಿದ್ದು ಅಂಚು. ಕ್ರಿಕೆಟ್ ಕ್ಯಾಪಿಗೆ ಸುತ್ತ ಅಂಚಿರುವುದಿಲ್ಲ, ಮುಂದೆ ಮಾತ್ರ ಮುಂಚಾಚು ಇರುತ್ತದೆ. ಒಳಗೆ ಹಣೆಗೆ ತಾಗುವ, ಬೆವರು ಹೀರುವ ಪಟ್ಟಿಯೇ ಒಳಪಟ್ಟಿ. ಮುಂದೆ ಬರುವ ಎಲ್ಲ ಲೆಕ್ಕವೂ ಒಳಪಟ್ಟಿಯ ಕೆಳಗೆರೆಯಿಂದಲೇ ಶುರುವಾಗುತ್ತದೆ.

ಮುಖದ ಅಳತೆ

ಕೂದಲನ್ನು ಹಿಂದಕ್ಕೆ ಕಟ್ಟಿ. ಮುಖದ ಬಾಗಿಗೆ ಟೇಪು ಸುತ್ತಿದರೆ ಅಳತೆ ಹೆಚ್ಚು ಬರುತ್ತದೆ. ಆದ್ದರಿಂದ ಗಟ್ಟಿ ಸ್ಕೇಲನ್ನು ಮುಖದ ಮುಂದೆ ನೇರವಾಗಿ ಹಿಡಿದು, ಇನ್ನೊಬ್ಬರಿಂದ ಓದಿಸಿ. ಬೇಕಾದದ್ದು ನಾಲ್ಕು ಅಳತೆ: ಕೂದಲು ಶುರುವಾಗುವಲ್ಲಿಂದ ಗದ್ದದ ತುದಿಯವರೆಗಿನ ಉದ್ದ, ಹಣೆಯ ಅಗಲ, ಕೆನ್ನೆಮೂಳೆಗಳ ನಡುವಿನ ಅಗಲ, ದವಡೆಯ ಎರಡು ಮೂಲೆಗಳ ನಡುವಿನ ಅಗಲ. ಮುಂದಲೆ ಕೂದಲು ಉದುರಿದವರು ಹುಬ್ಬನ್ನು ಮೇಲೆತ್ತಿ ನೋಡಿ. ಹಣೆಯ ಗೆರೆಗಳು ಮುಗಿಯುವ ಜಾಗವನ್ನೇ ಕೂದಲಿನ ಗೆರೆ ಎಂದುಕೊಳ್ಳಿ.

ಅಳೆಯುವ ಬದಲು ಸೆಲ್ಫಿ ನೋಡಿ ಮುಖದ ಆಕಾರ ಹೇಳಲು ಹೋಗಬೇಡಿ. ಕೈಯಳತೆಯ ದೂರದಲ್ಲಿ ತೆಗೆದ ಚಿತ್ರದಲ್ಲಿ ಮೂಗು ದೊಡ್ಡದಾಗಿ, ಕೆನ್ನೆಯ ಬದಿಗಳು ಹಿಂದೆ ಸರಿದು ಮುಖ ಇರುವುದಕ್ಕಿಂತ ಕಿರಿದಾಗಿ ಬರುತ್ತದೆ. ಫೋಟೊ ಬೇಕೆಂದರೆ ಸುಮಾರು 2 ಮೀಟರ್ ದೂರದಿಂದ, ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿಟ್ಟು ಇನ್ನೊಬ್ಬರಿಂದ ತೆಗೆಸಿ.

ಈಗ ಉದ್ದವನ್ನು ಕೆನ್ನೆಯ ಅಗಲದಿಂದ ಭಾಗಿಸಿ. ಉತ್ತರ 1.25ಕ್ಕಿಂತ ಕಡಿಮೆ ಬಂದು ದವಡೆ ಬಾಗಿದ್ದರೆ ದುಂಡು ಮುಖ. ಅಷ್ಟೇ ಬಂದು ದವಡೆಯ ಮೂಲೆ ಎದ್ದು ಕಂಡರೆ, ಹಣೆ, ಕೆನ್ನೆ, ದವಡೆ ಮೂರರ ಅಗಲವೂ ಹೆಚ್ಚುಕಡಿಮೆ ಒಂದೇ ಇದ್ದರೆ ಚೌಕ ಮುಖ. 1.3ರಿಂದ 1.4ರ ಸುತ್ತ ಬಂದು ಗದ್ದದತ್ತ ಹದವಾಗಿ ಇಳಿದರೆ ಅಂಡಾಕಾರ. 1.45 ದಾಟಿದರೆ ಉದ್ದ ಮುಖ. ಹಣೆ ಅಗಲವಾಗಿ ಗದ್ದ ಚೂಪಾಗಿದ್ದರೆ ಹೃದಯಾಕಾರ, ಹಣೆ ಮತ್ತು ದವಡೆ ಎರಡೂ ಕಿರಿದಾಗಿ ಕೆನ್ನೆಮೂಳೆ ಮಾತ್ರ ಅಗಲವಿದ್ದರೆ ವಜ್ರಾಕಾರ. ಗಡಿಯಲ್ಲಿ ಬಂದವರು ಯಾವ ಗುಂಪಿಗೆ ಸೇರುತ್ತೇವೆಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮುಂದಿನ ಲೆಕ್ಕ ಹೆಸರಿನ ಮೇಲೆ ನಿಂತಿಲ್ಲ, ಅಳತೆಯ ಮೇಲೆ ನಿಂತಿದೆ.

ಟೋಪಿ ಹಾಕಿದ ಮೇಲೆ ಉಳಿಯುವ ಮುಖ

ಮುಖದ ಆಕಾರ ನೋಡಿ ಟೋಪಿ ಹೇಳುವ ಪಟ್ಟಿಗಳು ಬಿಟ್ಟುಬಿಡುವ ಸಂಗತಿ ಇಲ್ಲಿದೆ. ಟೋಪಿ ಹಾಕಿದ ಕೂಡಲೇ ಹಣೆಯ ಬಹುಪಾಲು ಮರೆಯಾಗುತ್ತದೆ. ನೋಡುವವರ ಕಣ್ಣಿಗೆ ಸಿಗುವುದು ಒಳಪಟ್ಟಿಯಿಂದ ಗದ್ದದವರೆಗಿನ ಮುಖ, ಅದರ ಮೇಲೆ ಕ್ರೌನು. ಆದ್ದರಿಂದ ಬರಿತಲೆಯಲ್ಲಿ ಅಳೆದ ಉದ್ದವನ್ನು ಹಾಗೇ ಬಳಸುವಂತಿಲ್ಲ.

ಚಿಕ್ಕಮಗಳೂರಿನ ಶಾಲೆಯೊಂದರ ಶಿಕ್ಷಕಿಯ ಮುಖವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ದಿನವೂ ಬಸ್ ಇಳಿದು ಶಾಲೆಗೆ ನಡೆಯುವುದಿದೆ, ರಜೆಯಲ್ಲಿ ಗಿರಿ ಹತ್ತುವುದಿದೆ. ಅವರ ಮುಖದ ಉದ್ದ 17 ಸೆಂ.ಮೀ., ಕೆನ್ನೆಯ ಅಗಲ 14.2, ಹಣೆ 12.6, ದವಡೆ 12.4. ಭಾಗಿಸಿದರೆ 1.2, ದವಡೆ ಬಾಗಿದೆ, ಅಂದರೆ ದುಂಡು ಮುಖ. ಕೂದಲಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಅಲ್ಲಿಂದ ಗದ್ದ, ಈ ಮೂರು ಭಾಗಗಳು ಹೆಚ್ಚಿನವರಲ್ಲಿ ಸುಮಾರಾಗಿ ಸಮ. ಹಾಗಾಗಿ ಇವರಿಗೆ ಹುಬ್ಬಿನಿಂದ ಗದ್ದಕ್ಕೆ ಸುಮಾರು 11.3 ಸೆಂ.ಮೀ.

ಇವರು ಬಕೆಟ್ ಹ್ಯಾಟ್ ಹಾಕಿದರು ಎನ್ನೋಣ. ಮೆತ್ತನೆಯ ಬಟ್ಟೆಯ ಈ ಟೋಪಿ ತಲೆಗೆ ಇಳಿದು ಹುಬ್ಬಿನಿಂದ 1 ಸೆಂ.ಮೀ. ಮೇಲೆ ಕೂರುತ್ತದೆ. ಕಾಣುವ ಮುಖದ ಉದ್ದ 12.3, ಅಗಲ 14.2. ಉದ್ದಕ್ಕಿಂತ ಅಗಲವೇ ಹೆಚ್ಚಾಯಿತು. ಅದರ ಕ್ರೌನಿನ ಎತ್ತರ 9 ಸೆಂ.ಮೀ. ಎಂದರೆ ಗದ್ದದಿಂದ ಟೋಪಿಯ ನೆತ್ತಿಗೆ 21.3 ಸೆಂ.ಮೀ. ಸಾಲದ್ದಕ್ಕೆ ಕೆಳಕ್ಕೆ ಇಳಿಬಿದ್ದ ಅಂಚು ಕೆನ್ನೆಯ ಅತಿ ಅಗಲವಾದ ಜಾಗಕ್ಕೇ ಕಣ್ಣನ್ನು ಎಳೆಯುತ್ತದೆ. ಫೋಟೊದಲ್ಲಿ ಮುಖ ಅಗಲವಾಗಿ ಬಂದದ್ದು ಇದಕ್ಕೇ, ಮೈ ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಅದೇ ಮುಖಕ್ಕೆ ಫೆಡೋರಾ ಮಾದರಿಯ, ಮೇಲೆ ಮಡಿಕೆ ಒತ್ತಿದ, 11.5 ಸೆಂ.ಮೀ. ಎತ್ತರದ ಕ್ರೌನಿನ ಟೋಪಿಯನ್ನು ಹುಬ್ಬಿನಿಂದ 3 ಸೆಂ.ಮೀ. ಮೇಲೆ ಕೂರಿಸಿ ನೋಡಿ. ಕಾಣುವ ಮುಖ 14.3 ಆಗುತ್ತದೆ, ಅಗಲಕ್ಕೆ ಸರಿಸಮ. ಗದ್ದದಿಂದ ನೆತ್ತಿಗೆ 25.8 ಸೆಂ.ಮೀ. ಬಕೆಟ್ ಹ್ಯಾಟಿಗಿಂತ 4.5 ಸೆಂ.ಮೀ. ಹೆಚ್ಚು ಎತ್ತರ ಸಿಕ್ಕಿತು. ಮುಖದಲ್ಲಿ ಬದಲಾದದ್ದು ಏನೂ ಇಲ್ಲ. ಇನ್ನೊಂದು ಸಣ್ಣ ಉಪಾಯವೂ ಇದೆ: ಒಂದು ಬದಿಯನ್ನು ಬೆರಳಿನ ದಪ್ಪದಷ್ಟು ಕೆಳಗೆ ಓರೆ ಮಾಡಿದರೆ ಎರಡು ಕೆನ್ನೆಗಳ ಸಮತೆ ಮುರಿದು ದುಂಡುತನ ಇನ್ನೂ ತಗ್ಗುತ್ತದೆ. ಅದಕ್ಕಿಂತ ಹೆಚ್ಚು ಓರೆ ಮಾಡಿದರೆ ಟೋಪಿ ಜಾರುತ್ತಿರುವಂತೆ ಕಾಣುತ್ತದೆ.

ಕ್ರೌನಿನ ಅಗಲವನ್ನೂ ನೋಡಬೇಕು. ಅರ್ಧ ಎತ್ತರದಲ್ಲಿ ಸ್ಕೇಲು ಇಟ್ಟು ಅಳೆದಾಗ ಅದು ನಿಮ್ಮ ಕೆನ್ನೆಯ ಅಗಲಕ್ಕಿಂತ ಕಡಿಮೆ ಇರಬಾರದು. ಇವರ ಲೆಕ್ಕದಲ್ಲಿ 14.2 ಸೆಂ.ಮೀ.ಗಿಂತ ಕಿರಿದಾಗಬಾರದು. ಮೇಲಕ್ಕೆ ತೀರಾ ಕಿರಿದಾಗುತ್ತ ಹೋದ ಕ್ರೌನು ಎತ್ತರವನ್ನು ಕೊಟ್ಟರೂ ಕೆಳಗಿನ ಕೆನ್ನೆಯನ್ನು ಎದ್ದು ತೋರಿಸುತ್ತದೆ. ಎತ್ತರದ ಟೋಪಿ ಕೊಂಡೂ ಮುಖ ಅಗಲವಾಗಿಯೇ ಕಂಡರೆ ಕಾರಣವನ್ನು ಇಲ್ಲಿ ಹುಡುಕಿ.

ಉದ್ದ ಮುಖದವರಿಗೆ ಇದೇ ಲೆಕ್ಕ ಅನುಕೂಲವಾಗಿ ತಿರುಗುತ್ತದೆ. ಮುಖದ ಉದ್ದ 20, ಕೆನ್ನೆ 13.3 ಎಂದುಕೊಳ್ಳಿ, ಭಾಗಿಸಿದರೆ 1.5. ಹುಬ್ಬಿನಿಂದ ಗದ್ದಕ್ಕೆ ಸುಮಾರು 13.3 ಸೆಂ.ಮೀ. ಟೋಪಿಯನ್ನು ಹುಬ್ಬಿನಿಂದ 1 ಸೆಂ.ಮೀ. ಮೇಲಕ್ಕೆ ಇಳಿಸಿ ಹಾಕಿದರೆ ಕಾಣುವ ಮುಖ 14.3, ಅಗಲಕ್ಕೆ ತೀರಾ ಹತ್ತಿರ. ಹಣೆಯ 5.7 ಸೆಂಟಿಮೀಟರನ್ನು ಟೋಪಿಯೇ ನುಂಗಿತು. ದುಂಡು ಮುಖಕ್ಕೆ ತೊಂದರೆ ಕೊಟ್ಟ ಬಕೆಟ್ ಹ್ಯಾಟೇ ಇವರಿಗೆ ಚೆನ್ನಾಗಿ ಒಪ್ಪುತ್ತದೆ. ಕ್ರೌನು 10 ಸೆಂ.ಮೀ. ಒಳಗಿರಲಿ, ನೆತ್ತಿ ಚಪ್ಪಟೆ ಅಥವಾ ದುಂಡಗಿರಲಿ. ಇವರು ಮಾಡುವ ಸಾಮಾನ್ಯ ತಪ್ಪೆಂದರೆ ಟೋಪಿಯನ್ನು ಹಿಂದಕ್ಕೆ ತಳ್ಳಿ ಹಣೆ ತೋರಿಸುವುದು. ಆಗ ಬರಿಮುಖದ ಉದ್ದ ಹೆಚ್ಚುಕಡಿಮೆ ಹಾಗೇ ಉಳಿದು ಅದರ ಮೇಲೆ ಕ್ರೌನಿನ ಎತ್ತರವೂ ಕೂಡುತ್ತದೆ.

ಉಳಿದ ಆಕಾರಗಳಿಗೆ ಇಷ್ಟು ವಿಸ್ತಾರ ಬೇಡ. ಚೌಕ ಮುಖಕ್ಕೆ ನೆತ್ತಿ ದುಂಡಗಿರುವ ಕ್ರೌನು, ಬಾಗಿದ ಅಥವಾ ಮೆತ್ತನೆಯ ಅಂಚು ದವಡೆಯ ಮೂಲೆಗಳನ್ನು ಮೃದು ಮಾಡುತ್ತದೆ. ನೇರ ಗೆರೆಯ ಗಟ್ಟಿ ಅಂಚು ದವಡೆಯ ಗೆರೆಯನ್ನೇ ಮತ್ತೊಮ್ಮೆ ಬರೆದಂತಾಗುತ್ತದೆ. ಹೃದಯಾಕಾರದವರಿಗೆ ಅಗಲವಾದ ಹಣೆಯನ್ನು ಟೋಪಿ ಮುಚ್ಚುತ್ತದೆ, ಅಷ್ಟೇ ಸಾಕು. ಅಂಚು 5ರಿಂದ 6 ಸೆಂ.ಮೀ. ಇದ್ದರೆ ಚೂಪು ಗದ್ದ ಇನ್ನಷ್ಟು ಕಿರಿದಾಗಿ ಕಾಣುವುದಿಲ್ಲ. ವಜ್ರಾಕಾರದವರು ಟೋಪಿಯನ್ನು ಸ್ವಲ್ಪ ಮೇಲಕ್ಕಿಟ್ಟು, ಕಿವಿಯ ಬಳಿ ಸ್ವಲ್ಪ ಕೂದಲು ಹೊರಬಿಟ್ಟರೆ ಕೆನ್ನೆಮೂಳೆಯ ಅಗಲ ಹದಕ್ಕೆ ಬರುತ್ತದೆ. ಅಂಡಾಕಾರದವರು ಬಿಸಿಲು ಮತ್ತು ಗಾಳಿಯನ್ನು ನೋಡಿ ಆರಿಸಿದರೆ ಸಾಕು.

ರಟ್ಟಿನಲ್ಲಿ ಮೊದಲು ಹಾಕಿ ನೋಡಿ

ಹಾಸನದ ಅಥವಾ ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಕ್ಯಾಪುಗಳು ಬೇಕಾದಷ್ಟು ಸಿಗುತ್ತವೆ. ಸುತ್ತ ಅಂಚಿರುವ, ಅಳತೆಗೆ ಸಿಗುವ ಟೋಪಿಯನ್ನು ಹೆಚ್ಚಿನವರು ಆನ್‌ಲೈನಿನಲ್ಲೇ ತರಿಸುತ್ತಾರೆ. ಹಾಕಿ ನೋಡುವ ಅವಕಾಶ ಅಲ್ಲಿ ಇರುವುದಿಲ್ಲ. ಹಾಗಾಗಿ ಮೊದಲು ರಟ್ಟಿನಲ್ಲಿ ಮಾಡಿ ನೋಡುವುದು ಒಳ್ಳೆಯದು.

ತಲೆಯ ಸುತ್ತಳತೆ ತೆಗೆಯಿರಿ. ಟೇಪು ಹುಬ್ಬಿನಿಂದ ಒಂದು ಬೆರಳು ಮೇಲೆ, ಕಿವಿಗಳಿಗೆ ತಾಗದೆ ಸ್ವಲ್ಪ ಮೇಲೆ ಹಾಯ್ದು, ಹಿಂದೆ ತಲೆ ಉಬ್ಬಿದ ಜಾಗವನ್ನು ಸುತ್ತಿ ಬರಬೇಕು. ಜಡೆ ಹಾಕುವವರು ಹೊರಗೆ ಹೋಗುವಾಗ ಕೂದಲನ್ನು ಹೇಗೆ ಕಟ್ಟುತ್ತಾರೋ ಹಾಗೇ ಕಟ್ಟಿ ಅಳೆಯಬೇಕು. ಮೂರು ಸಲ ಅಳೆದು ದೊಡ್ಡ ಸಂಖ್ಯೆಯನ್ನು ಇಟ್ಟುಕೊಳ್ಳಿ.

57 ಸೆಂ.ಮೀ. ಬಂದರೆ ತಲೆಯ ಅಡ್ಡಕೊಯ್ತ ಸುಮಾರಾಗಿ 20 ಸೆಂ.ಮೀ. ಉದ್ದ, 16 ಸೆಂ.ಮೀ. ಅಗಲದ ಅಂಡಾಕಾರ. ರಟ್ಟಿನ ಮೇಲೆ ಅದನ್ನು ಬರೆದು, ಸುತ್ತಲೂ 7.5 ಸೆಂ.ಮೀ. ಬಿಟ್ಟು ಹೊರಗೆರೆ ಎಳೆಯಿರಿ. ಒಳಗಿನ ಅಂಡವನ್ನು ಕತ್ತರಿಸಿ ತೆಗೆದರೆ ಅಂಚು ಸಿದ್ಧ. 9 ಸೆಂ.ಮೀ. ಎತ್ತರದ್ದೊಂದು, 11.5 ಸೆಂ.ಮೀ. ಎತ್ತರದ್ದೊಂದು ದಪ್ಪ ಕಾಗದದ ಪಟ್ಟಿಯನ್ನು ತಲೆಯ ಸುತ್ತ ಬರುವಷ್ಟು ಉದ್ದಕ್ಕೆ ಕತ್ತರಿಸಿ ಪಿನ್ ಹಾಕಿ, ಒಂದಾದ ಮೇಲೊಂದು ಅಂಚಿನ ಮೇಲೆ ನಿಲ್ಲಿಸಿ. ಇವೇ ಎರಡು ಕ್ರೌನುಗಳು. ಹುಬ್ಬಿನಿಂದ 1 ಸೆಂ.ಮೀ. ಮೇಲೆ ಒಮ್ಮೆ, 3 ಸೆಂ.ಮೀ. ಮೇಲೆ ಇನ್ನೊಮ್ಮೆ ಇಟ್ಟು 2 ಮೀಟರ್ ದೂರದಿಂದ ಫೋಟೊ ತೆಗೆಸಿ. ನಾಲ್ಕು ಫೋಟೊಗಳನ್ನು ಪಕ್ಕಪಕ್ಕ ಇಟ್ಟಾಗ ನಿಮ್ಮ ಮುಖಕ್ಕೆ ಯಾವುದು ಎಂದು ಯಾರನ್ನೂ ಕೇಳಬೇಕಿಲ್ಲ.

ಆಮೇಲೆ ಅಂಚಿನ ಸರದಿ. 7.5ರಿಂದ ಶುರು ಮಾಡಿ, ಒಂದೊಂದೇ ಸೆಂಟಿಮೀಟರ್ ಕತ್ತರಿಸುತ್ತ ಪ್ರತಿ ಸಲ ಫೋಟೊ ತೆಗೆಯಿರಿ. ಮುಖ ಮಾತ್ರವಲ್ಲ, ಭುಜವೂ ಚಿತ್ರದಲ್ಲಿ ಬರಲಿ. 7.5 ಸೆಂ.ಮೀ. ಅಂಚಿನ ಟೋಪಿ ಅಡ್ಡಲಾಗಿ 31 ಸೆಂ.ಮೀ. ಆಗುತ್ತದೆ. ಭುಜದ ಅಗಲ 38 ಇದ್ದವರಿಗೆ ಅದು ಸರಿ. ಸಣ್ಣ ಮೈಕಟ್ಟಿನವರಿಗೆ ಟೋಪಿ ಭುಜದ ಗೆರೆಗೆ ಸಮೀಪಿಸಿ ದೇಹವೇ ಕುಗ್ಗಿದಂತೆ ಕಾಣುತ್ತದೆ, ಅಂಥವರು 6 ಸೆಂ.ಮೀ.ಗೆ ಇಳಿಯಬಹುದು. ಸಿಕ್ಕಿದ ಮೂರು ಸಂಖ್ಯೆಗಳನ್ನು, ಅಂದರೆ ಸುತ್ತಳತೆ, ಕ್ರೌನಿನ ಎತ್ತರ, ಅಂಚಿನ ಅಗಲವನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಈ ಮೂರನ್ನೂ ಸೆಂಟಿಮೀಟರಿನಲ್ಲಿ ಹೇಳದ ಮಾರಾಟಗಾರರಿಂದ ಕೊಳ್ಳದಿರುವುದೇ ಲೇಸು. "ಫ್ರೀ ಸೈಜ್" ಎಂದರೆ ಸಾಮಾನ್ಯವಾಗಿ 56ರಿಂದ 58ರ ಒಳಗಿನದು. 60 ಸೆಂ.ಮೀ. ತಲೆಗೆ ಅದು ಇಳಿಯದೆ ನೆತ್ತಿಯ ಮೇಲೆ ನಿಲ್ಲುತ್ತದೆ.

ಚಂದ ಮತ್ತು ನೆರಳಿನ ನಡುವಿನ ಲೆಕ್ಕ

ಬಿಸಿಲಿನಿಂದ ಮುಖ, ಕಿವಿ, ಕುತ್ತಿಗೆ ಮೂರನ್ನೂ ಕಾಯಲು ಸುತ್ತಲೂ ಸುಮಾರು 7.5 ಸೆಂ.ಮೀ., ಅಂದರೆ 3 ಇಂಚಿನ ಅಂಚು ಬೇಕು. ಕ್ಯಾಪು ಕಿವಿ, ಕುತ್ತಿಗೆಯನ್ನು ಬಿಸಿಲಿಗೇ ಬಿಡುತ್ತದೆ.

ದುಂಡು ಮುಖದವರು ಟೋಪಿಯನ್ನು ಮೇಲಕ್ಕಿಟ್ಟಾಗ ನೆರಳಿನಲ್ಲಿ ಕಳೆದುಕೊಳ್ಳುವುದು ಎಷ್ಟು ಎಂಬುದೂ ಗೊತ್ತಿರಲಿ. ಬೆಳಿಗ್ಗೆ ಒಂಬತ್ತು, ಒಂಬತ್ತೂವರೆಯ ಹೊತ್ತಿಗೆ ಸೂರ್ಯ ಅರ್ಧ ಆಕಾಶ ಏರಿರುತ್ತಾನೆ. ಆಗ ನೇರ ಅಂಚು ತನ್ನ ಅಗಲದಷ್ಟೇ ಉದ್ದದ ನೆರಳನ್ನು ಮುಖದ ಮೇಲೆ ಇಳಿಸುತ್ತದೆ. ಶಿಕ್ಷಕಿಯ ಟೋಪಿ ಹುಬ್ಬಿನಿಂದ 3 ಸೆಂ.ಮೀ. ಮೇಲಿದ್ದರೆ 7.5 ಸೆಂ.ಮೀ. ನೆರಳು ಹುಬ್ಬಿನಿಂದ 4.5 ಸೆಂ.ಮೀ. ಕೆಳಗೆ ಮುಗಿಯುತ್ತದೆ, ಮೂಗಿನ ಬುಡಕ್ಕೂ ತಲುಪುವುದಿಲ್ಲ. ಅದನ್ನೇ 1 ಸೆಂ.ಮೀ.ಗೆ ಇಳಿಸಿದರೆ ಮೇಲ್ದುಟಿಯ ಹತ್ತಿರದವರೆಗೆ ನೆರಳು ಬರುತ್ತದೆ. ಹಾಗಾಗಿ ನಡೆಯುವಾಗ ಮುಂದಕ್ಕೆ ಬಾಗಿಸಿ ಹಾಕಿ, ನಿಂತಾಗ, ಫೋಟೊಕ್ಕೆ, ಮಾತಿಗೆ ಮೇಲಕ್ಕೆತ್ತಿ. ಬಾಯಿ, ಗದ್ದದ ಮೇಲೆ ಸನ್‌ಸ್ಕ್ರೀನ್ ಇರಲಿ.

ಶ್ರವಣಬೆಳಗೊಳದ ವಿಂಧ್ಯಗಿರಿಯಂಥ ಬರಿ ಬಂಡೆಯ ಮೇಲೆ ಬೆಳಕು ಕೆಳಗಿನಿಂದಲೂ ಮುಖಕ್ಕೆ ಹೊಡೆಯುತ್ತದೆ. ಅಂಥಲ್ಲಿಗೆ ಅಂಚಿನ ಕೆಳಮೈ ಗಾಢ ಬಣ್ಣದ್ದಾಗಿರುವ ಟೋಪಿ ಉತ್ತಮ. ಬಿಳಿಯ ಕೆಳಮೈ ಆ ಬೆಳಕನ್ನು ಮತ್ತೆ ಕಣ್ಣಿಗೇ ಕಳಿಸುತ್ತದೆ. ಬೇಲೂರು, ಹಳೇಬೀಡಿಗೆ ಹೋಗುವವರು ಅಂಗಳದಲ್ಲಿ ಹಾಕಿ ಗುಡಿಯೊಳಗೆ ತೆಗೆಯಬೇಕಾಗುತ್ತದೆ. ಮಡಿಸಿ ಚೀಲಕ್ಕಿಡಬಹುದಾದ ಹತ್ತಿ ಅಥವಾ ನೈಲಾನ್ ಟೋಪಿ ಅಲ್ಲಿ ಅನುಕೂಲ. ಕಾಫಿ ತೋಟದೊಳಗೆ ಮರಗಳ ನೆರಳಿರುವುದರಿಂದ ಇಷ್ಟು ದೊಡ್ಡ ಅಂಚು ಬೇಕಿಲ್ಲ, ಗಿಡಗಳ ಸಾಲಿನಲ್ಲಿ ಅದು ರೆಂಬೆಗೆ ಸಿಕ್ಕಿಕೊಳ್ಳುತ್ತದೆ ಕೂಡ.

ಗಿರಿಯ ಗಾಳಿ

ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್ ಎತ್ತರದ ಬೋಳು ಹುಲ್ಲುಗಾವಲಿನ ಶಿಖರ. ಗಾಳಿಗೆ ಅಡ್ಡವಾಗಿ ಮರಗಳಿಲ್ಲ. ಅಂಚು ಅಗಲವಾದಷ್ಟೂ, ಗಟ್ಟಿಯಾದಷ್ಟೂ ಗಾಳಿ ಅದರ ಕೆಳಗೆ ಹೊಕ್ಕು ಎತ್ತುತ್ತದೆ. ಟೋಪಿಯನ್ನು ಬಿಗಿ ಮಾಡಿ ಉಳಿಸಿಕೊಳ್ಳಲು ಹೋದರೆ ತಲೆನೋವು ಬರುತ್ತದೆಯೇ ಹೊರತು ಟೋಪಿ ನಿಲ್ಲುವುದಿಲ್ಲ.

ನಿಲ್ಲಿಸುವುದು ದಾರ. ಒಳಪಟ್ಟಿಯ ಹತ್ತಿರ ಎರಡು ಬದಿ ಹೊಲಿದ, ಜಾರುವ ಗುಂಡಿ ಇರುವ ದಾರವೇ ಆಗಬೇಕು. ದಾರ ಹೊಲಿದ ಜಾಗ ಕಿವಿಗಿಂತ ಸ್ವಲ್ಪ ಮುಂದಿರಲಿ. ತೀರಾ ಹಿಂದಿದ್ದರೆ ಎದುರು ಗಾಳಿಗೆ ಮುಂಭಾಗ ಎದ್ದು ಟೋಪಿ ಬೆನ್ನಿಗೆ ಬೀಳುತ್ತದೆ. ಗದ್ದದ ಕೆಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಬಿಡಿ. ಗದ್ದದ ಕೆಳಗೆ ಇಳಿಯುವ ದಾರ ದುಂಡು ಮುಖಕ್ಕೆ ಮೇಲಿನಿಂದ ಕೆಳಕ್ಕೆ ಎರಡು ಗೆರೆ ಕೊಟ್ಟು ಸಹಾಯವನ್ನೇ ಮಾಡುತ್ತದೆ. ಉದ್ದ ಮುಖದವರು ಅದೇ ದಾರವನ್ನು ತಲೆಯ ಹಿಂದೆ, ಜಡೆ ಶುರುವಾಗುವಲ್ಲಿ ಬಿಗಿದುಕೊಳ್ಳಬಹುದು. ಸಾಧಾರಣ ಗಾಳಿಗೆ ಅದು ಸಾಕು. ದಾರವಿಲ್ಲದ ಟೋಪಿಗೆ ಟೈಲರ್ ಹತ್ತಿರ ಎರಡು ಸಣ್ಣ ಬಟ್ಟೆಯ ಕುಣಿಕೆ ಹೊಲಿಸಿ ದಾರ ಪೋಣಿಸಿಕೊಳ್ಳಿ. ಅಂಚಿಗೆ ತೂತು ಮಾಡಿಸಬೇಡಿ, ಗಾಳಿಯ ಎಳೆತಕ್ಕೆ ಅದು ಹರಿಯುತ್ತದೆ.

ತುರುಬು ಎಲ್ಲಿದೆ ಎಂಬುದೂ ಇಲ್ಲಿ ಮುಖ್ಯ. ಎತ್ತರಕ್ಕೆ ಕಟ್ಟಿದ ತುರುಬು ಟೋಪಿಯ ಹಿಂಭಾಗವನ್ನು ಎತ್ತಿ ಮುಂಭಾಗವನ್ನು ಕಣ್ಣಿನ ಮೇಲೆ ತಳ್ಳುತ್ತದೆ, ನೀವು ಲೆಕ್ಕ ಹಾಕಿದ 3 ಸೆಂ.ಮೀ. ಆಗ ಉಳಿಯುವುದಿಲ್ಲ. ಕುತ್ತಿಗೆಯ ಹತ್ತಿರ ಕೆಳಗೆ ಕಟ್ಟಿದರೆ ಹಿಂದಿನ ಅಂಚು ತುರುಬಿಗೆ ತಾಗುತ್ತದೆ. ಆದ್ದರಿಂದ ಹಿಂದಿನ ಅಂಚು ಮೆತ್ತಗಿರಬೇಕು, ಇಲ್ಲವೇ ಜಡೆ ಹೆಣೆದು ಬಿಡಬೇಕು. ಚಾರಣಕ್ಕೆ ಜಡೆಯೇ ಸುಖ.

ಕೂತಿದೆಯೇ ಎಂದು ತಿಳಿಯುವುದು

ಸುತ್ತಳತೆಗಿಂತ ಅರ್ಧ ಸೆಂಟಿಮೀಟರ್ ದೊಡ್ಡದನ್ನು ತರಿಸಿ. 57 ತಲೆಗೆ 57.5 ಅಥವಾ 58. ಬೆವರಿಗೆ, ಒಗೆತಕ್ಕೆ ಹತ್ತಿ ಸ್ವಲ್ಪ ಕುಗ್ಗುತ್ತದೆ. ಒಳಪಟ್ಟಿ ಮತ್ತು ಹಣೆಯ ನಡುವೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಇಪ್ಪತ್ತು ನಿಮಿಷ ಹಾಕಿ ತೆಗೆದಾಗ ಹಣೆಯ ಮೇಲೆ ಕೆಂಪು ಗೆರೆ ಬಹಳ ಹೊತ್ತು ಉಳಿದರೆ ಬಿಗಿಯಾಗಿದೆ. ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಬಿದ್ದರೆ ಸಡಿಲ.

ಅಳತೆ ಸರಿಯಿದ್ದೂ ಹಣೆ ನೋಯುತ್ತದೆ, ಕಿವಿಯ ಮೇಲೆ ಮಾತ್ರ ಸಂದು ಕಾಣುತ್ತದೆ ಎನ್ನುವವರ ತಲೆ ಹಿಂದೆಮುಂದೆ ಉದ್ದವಾಗಿರುತ್ತದೆ, ಟೋಪಿ ದುಂಡಗಿರುತ್ತದೆ. ಅವರು ಒಂದು ಅಳತೆ ದೊಡ್ಡದನ್ನು ಕೊಂಡು, ಕಿವಿಯ ಮೇಲಿನ ಎರಡು ಬದಿಗಳಲ್ಲಿ ಒಳಪಟ್ಟಿಯ ಹಿಂದೆ ಸುಮಾರು 8 ಸೆಂ.ಮೀ. ಉದ್ದದ ತೆಳು ಫೋಮ್ ಪಟ್ಟಿ ತುರುಕಬೇಕು. ಮುಂದುಗಡೆ ತುರುಕಿದರೆ ನೋವು ಹೆಚ್ಚುತ್ತದೆ. ಕನ್ನಡಕದವರು ಕನ್ನಡಕ ಹಾಕಿಕೊಂಡೇ ಪರೀಕ್ಷಿಸಿ. ಒಳಪಟ್ಟಿ ಕನ್ನಡಕದ ಕಡ್ಡಿಯನ್ನು ಒತ್ತಿದರೆ ಗಂಟೆಯೊಳಗೆ ಕಿವಿಯ ಹಿಂದೆ ನೋವು ಶುರುವಾಗುತ್ತದೆ.

ಕ್ಯಾಪು, ಉಣ್ಣೆ ಟೋಪಿ

ದಿನದ ಓಡಾಟಕ್ಕೆ ಕ್ಯಾಪೇ ಸಾಕು ಎನ್ನುವವರಿಗೂ ಮೇಲಿನ ಲೆಕ್ಕವೇ ಅನ್ವಯ. ಕ್ಯಾಪಿನ ಮುಂಭಾಗವನ್ನು ಒಳಗಿನಿಂದ ಹಿಸುಕಿ ನೋಡಿ. ಗಟ್ಟಿಯಾಗಿದ್ದರೆ ಬಕ್ರಂ ಎಂಬ ಬಿರುಸು ಬಟ್ಟೆಯನ್ನು ಒಳಗೆ ಹಾಕಿದ್ದಾರೆ ಎಂದರ್ಥ, ತಲೆಯಿಂದ ತೆಗೆದರೂ ನೆಟ್ಟಗೆ ನಿಲ್ಲುತ್ತದೆ. ದುಂಡು ಮುಖಕ್ಕೆ ಇದು ಬೇಕು. ಬಕ್ರಂ ಇಲ್ಲದ ಮೆತ್ತನೆಯ ಕ್ಯಾಪು ತಲೆಗೆ ಅಂಟಿ ಕೂರುತ್ತದೆ, ಉದ್ದ ಮುಖಕ್ಕೆ ಒಪ್ಪುತ್ತದೆ. ಮುಂಚಾಚನ್ನು ದುಂಡು ಮುಖದವರು ಸ್ವಲ್ಪವೇ ಬಾಗಿಸಲಿ, ಚೌಕ ದವಡೆಯವರು ಇನ್ನಷ್ಟು ಬಾಗಿಸಬಹುದು. ಬಾಗಿಸುವುದೆಂದರೆ ಮಡಚುವುದಲ್ಲ. ಲೋಟದೊಳಗೆ ತೂರಿಸಿ ರಾತ್ರಿಯಿಡೀ ಬಿಡಿ. ಮಧ್ಯದಲ್ಲಿ ಮಡಚಿದರೆ ಒಳಗಿನ ಹಲಗೆ ಸೀಳಿ ಆ ಗೆರೆ ಹೋಗುವುದೇ ಇಲ್ಲ.

ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ಉಣ್ಣೆ ಟೋಪಿ ಹಾಕುವಾಗ ದುಂಡು ಮುಖದವರು ಅದನ್ನು ಹುಬ್ಬಿನವರೆಗೆ ಎಳೆಯದೆ, ಕೂದಲಿನ ಗೆರೆಯ ಹತ್ತಿರ ಇಟ್ಟು, ನೆತ್ತಿಯಲ್ಲಿ 3ರಿಂದ 4 ಸೆಂ.ಮೀ. ಸಡಿಲ ಬಿಡಲಿ. ಮಲೆನಾಡಿನ ಮಳೆಯಲ್ಲಿ ಹೊದೆಯುವ ಕಂಬಳಿ ಕೊಪ್ಪೆಯ ನೆತ್ತಿ ಮೊನಚಾಗಿ ಏಳುವುದರಿಂದ ಅದು ದುಂಡು ಮುಖಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂಬುದನ್ನು ಗಮನಿಸಿ, ಇಲ್ಲಿಯೂ ಅದೇ ನ್ಯಾಯ. ಉದ್ದ ಮುಖದವರು ಕೆಳಗೆ 5 ಸೆಂ.ಮೀ. ಮಡಿಕೆ ಮಡಚಿ ಹುಬ್ಬಿನ ಹತ್ತಿರ ಇಳಿಸಲಿ, ನೆತ್ತಿಯಲ್ಲಿ ಸಡಿಲ ಬೇಡ. ಮಂಗನ ಟೋಪಿ ಗದ್ದವನ್ನೂ ಸುತ್ತಿ ಮುಖವನ್ನು ಒಂದು ವೃತ್ತ ಮಾಡಿಬಿಡುತ್ತದೆ, ಉದ್ದ ಮುಖಕ್ಕೆ ಪರವಾಗಿಲ್ಲ, ದುಂಡು ಮುಖಕ್ಕೆ ಚಳಿ ತಡೆಯಲು ಮಾತ್ರ.

ಬೈಕಿನಲ್ಲಿ ಗಿರಿಗೆ ಹೋಗುವವರು ಇವುಗಳಲ್ಲಿ ಯಾವುದನ್ನೂ ಹೆಲ್ಮೆಟ್ಟಿನ ಒಳಗೆ ಹಾಕಬೇಡಿ. ದಪ್ಪ ಉಣ್ಣೆ ಅಥವಾ ಕ್ಯಾಪಿನ ಗುಂಡಿ ಹೆಲ್ಮೆಟ್ಟನ್ನು ಮೇಲಕ್ಕೆ ಎತ್ತುತ್ತದೆ, ಬಿದ್ದಾಗ ಅದು ಜಾರುತ್ತದೆ. ಚಳಿಗೆ ತೆಳುವಾದ, ತಲೆಗೆ ಅಂಟುವ ಬಟ್ಟೆಯ ಮುಸುಕು ಸಾಕು. ಟೋಪಿ ಚೀಲದಲ್ಲಿರಲಿ.

ಮಳೆಗಾಲ

ಅಗ್ಗದ "ಹುಲ್ಲಿನ ಟೋಪಿ"ಗಳಲ್ಲಿ ಹೆಚ್ಚಿನವು ಕಾಗದದ ಹುರಿಯಿಂದ ನೇಯ್ದವು. ಒಳಗಡೆ ಬಿಟ್ಟ ಎಳೆಯ ತುದಿಯೊಂದನ್ನು ಉಗುರಿನಿಂದ ಹುರಿ ಬಿಚ್ಚಿ ನೋಡಿ. ಚಪ್ಪಟೆ ಪಟ್ಟಿಯಾಗಿ ಬಿಚ್ಚಿಕೊಂಡರೆ ಕಾಗದ. ಒಂದೇ ಮಳೆಗೆ ಅದು ಮೆತ್ತಗಾಗಿ ಅಂಚು ಅಲೆಯಾಗುತ್ತದೆ, ಒಣಗುವಾಗ ಕ್ರೌನು ಕುಗ್ಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಹೊರಗೆ ತೆಗೆಯಬೇಡಿ. ಆ ತಿಂಗಳುಗಳಿಗೆ ನೈಲಾನ್ ಟೋಪಿ, ಇಲ್ಲವೇ ರೇನ್‌ಕೋಟಿನ ತಲೆಮುಸುಕಿನ ಒಳಗೆ ಕ್ಯಾಪು ಹಾಕಿ. ಮುಂಚಾಚು ಮುಸುಕನ್ನು ಎತ್ತಿ ಹಿಡಿಯುವುದರಿಂದ ಅದು ಕಣ್ಣಿಗೆ ಜೋತುಬೀಳುವುದಿಲ್ಲ, ಕನ್ನಡಕಕ್ಕೆ ಹನಿ ಬೀಳುವುದೂ ಕಡಿಮೆ.

ಉಣ್ಣೆಯನ್ನು ಒತ್ತಿ ಮಾಡಿದ ಫೆಲ್ಟ್ ಟೋಪಿಗೆ ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಮೊದಲು ಹಿಡಿಯುವುದು ಬೆವರು ಕುಡಿದ ಒಳಪಟ್ಟಿಗೆ. ಮಳೆ ಶುರುವಾಗುವ ಮುಂಚೆ ಒಳಪಟ್ಟಿಯನ್ನು ಹೊರಮಗ್ಗುಲು ಮಾಡಿ, ಸ್ವಲ್ಪ ಸೋಪು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗಿನ ತೇವ ಅಲ್ಲೇ ಉಳಿಯುತ್ತದೆ. ರಟ್ಟಿನ ಡಬ್ಬದಲ್ಲಿ ನೆತ್ತಿ ಕೆಳಗೆ ಮಾಡಿ ಇಟ್ಟರೆ ಅಂಚಿನ ಮೇಲೆ ಭಾರ ಬೀಳದೆ ಬಾಗು ಉಳಿಯುತ್ತದೆ. ಬೂಟಿನ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಒಳಗೆ ಹಾಕಿ, ತಿಂಗಳಿಗೊಮ್ಮೆ ಬಿಸಿಲು ಬಿದ್ದ ದಿನ ತೆಗೆದು ಗಾಳಿಗಿಡಿ. ಬೂಷ್ಟು ಹಿಡಿದೇ ಬಿಟ್ಟಿದ್ದರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅದು ಎಳೆಗಳೊಳಗೆ ಇಳಿಯುತ್ತದೆ. ಮನೆಯ ಹೊರಗೆ, ಪೂರ್ತಿ ಒಣಗಿದ ಮೇಲೆ, ಮೆತ್ತನೆಯ ಬ್ರಷ್ಷಿನಿಂದ ಎಳೆಯ ದಿಕ್ಕಿಗೆ ಉಜ್ಜಿ ಉದುರಿಸಿ.